ಸಿಇಒ ಸಂದರ್ಶನ: ನ. 21, ಶುಕ್ರವಾರ ಬೆಳಿಗ್ಗೆ 10ರಿಂದ 1.30, ಅಭಿಪ್ರಾಯ ಶನಿವಾರ ಸಂಜೆ 6ರೊಳಗೆ

ತಿಪಟೂರು, 14 ನವೆಂಬರ್ 2025

ರಂಗಸ್ವಾಮಣ್ಣನವರಿಗೆ, ಗಿರಿಜಮ್ಮನವರಿಗೆ, ಪ್ರಕಾಶ್ ಸರ್ ಅವರಿಗೆ, ಸುಮಾ ಮೇಡಂ ಅವರಿಗೆ,

ನಮಸ್ಕಾರ. ನಮ್ಮ ರೈತ ಉತ್ಪಾದಕರ ಕಂಪನಿಯ ಸಿಇಒ ಹುದ್ದೆಗೆ ಎರಡನೇ ಅಭ್ಯರ್ಥಿಯ ಸಂದರ್ಶನವನ್ನು ನವೆಂಬರ್ 21, ಶುಕ್ರವಾರಕ್ಕೆ ಗೊತ್ತು ಮಾಡಿದ್ದೇನೆ. ಜಾಗ ನಮ್ಮ ಗೋದಾಮಿನ ಮೇಲಿನ ಕೋಣೆ. ದಯವಿಟ್ಟು ಬೆಳಿಗ್ಗೆ 10ರಿಂದ ಮಧ್ಯಾಹ್ನ 1.30ರವರೆಗೆ ಬೇರೆ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ. ಮೊದಲು ಗುರುವಾರ ಎಂದುಕೊಂಡಿದ್ದೆವು. ಅವತ್ತು ಅಮಾವಾಸ್ಯೆ ಬೇಡ ಎಂದು ರಂಗಸ್ವಾಮಣ್ಣ ಹೇಳಿದ್ದಕ್ಕೆ ಒಂದು ದಿನ ಮುಂದೆ ಹಾಕಿದೆ. ರಾಗಿ ಕೊಯ್ಲಿನ ಕಾಲ, ಆಳುಗಳು ಸಿಕ್ಕ ದಿನ ಹೊಲ ಬಿಟ್ಟು ಬರುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಆದರೂ ಐದೂ ಜನ ಪೂರ್ತಿ ಹೊತ್ತು ಕೂತಿರಬೇಕು ಅಂತ ಕೇಳಿಕೊಳ್ಳುತ್ತಿದ್ದೇನೆ. ಬರುತ್ತೀರೋ ಇಲ್ಲವೋ ಎಂಬುದನ್ನು ಈ ಭಾನುವಾರ, 16ರ ಸಂಜೆಯೊಳಗೆ ತಿಳಿಸಿ. ಒಬ್ಬರಿಗೆ ಆಗದಿದ್ದರೂ ದಿನ ಬದಲಾಯಿಸೋಣ. ನಾಲ್ಕೇ ಜನ ಕೂತು ಮುಗಿಸುವುದು ಬೇಡ.

ಇಷ್ಟು ಒತ್ತಾಯ ಯಾಕೆ ಅಂದರೆ, ಈ ನೇಮಕ ಹಿಂದಿನ ಎರಡರ ಹಾಗಲ್ಲ. 2020ರಲ್ಲಿ ಶುರುವಾದ ಕೇಂದ್ರದ 10,000 ಎಫ್‌ಪಿಒ ಯೋಜನೆಯಲ್ಲಿ ನಮ್ಮಂಥ ಕಂಪನಿಗೆ ಆಡಳಿತ ವೆಚ್ಚಕ್ಕೆ ಸಿಗುವುದು ಮೂರು ವರ್ಷಕ್ಕೆ ಒಟ್ಟು 18 ಲಕ್ಷದವರೆಗೆ. ಸಿಇಒ ಸಂಬಳಕ್ಕೆ ತಿಂಗಳಿಗೆ 25,000 ರೂಪಾಯಿವರೆಗೆ ಬರುವುದೂ ಅದರಲ್ಲೇ. ನಮ್ಮ ಮೂರು ವರ್ಷ ಬರುವ ಮಾರ್ಚ್‌ಗೆ ಮುಗಿಯುತ್ತದೆ. ಏಪ್ರಿಲ್‌ನಿಂದ ಈಗ ನೇಮಿಸುವವರ ಸಂಬಳವನ್ನು ನಾವು ಮಾರಿದ ಕೊಬ್ಬರಿ, ರಾಗಿ, ಗೊಬ್ಬರದ ಲಾಭದಿಂದಲೇ ಕೊಡಬೇಕು. 612 ಜನ ಸದಸ್ಯರು ತಲಾ ಎರಡು ಸಾವಿರ ರೂಪಾಯಿ ಷೇರು ಹಾಕಿದ್ದಾರೆ. ಅದರಲ್ಲಿ ಎಷ್ಟೋ ಜನ ಹಾಲಿನ ಬಿಲ್ಲಿನಿಂದ ಉಳಿಸಿ ತಂದವರು. ಸಂದರ್ಶನದ ಮೇಜಿನ ಮುಂದೆ ಕೂತಾಗ ನನಗೆ ಅವರೇ ನೆನಪಾಗುತ್ತಾರೆ.

ಇನ್ನು ಅಭ್ಯರ್ಥಿಯ ವಿಚಾರ. ಹೆಸರು ರೇಖಾ, ವಯಸ್ಸು 34, ಊರು ಹೊಸದುರ್ಗದ ಕಡೆ. ಬಿಎಸ್ಸಿ ಕೃಷಿ ಓದಿದ್ದಾರೆ. ಮೊದಲ ಎರಡು ವರ್ಷ ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟವೊಂದರಲ್ಲಿ ಹಳ್ಳಿ ಹಳ್ಳಿ ತಿರುಗಿ ಸಾಲ, ಉಳಿತಾಯದ ಪುಸ್ತಕ ನೋಡಿಕೊಳ್ಳುತ್ತಿದ್ದರು. ಆಮೇಲೆ ಬೀಜ ಗೊಬ್ಬರದ ವ್ಯಾಪಾರ ಮಾಡುವ ಸಂಸ್ಥೆಯಲ್ಲಿ ಮೂರು ವರ್ಷ. ನಡುವೆ ಹದಿನಾಲ್ಕು ತಿಂಗಳು ಕೆಲಸದಲ್ಲಿರಲಿಲ್ಲ. ಅರ್ಜಿಯಲ್ಲಿ ಅದನ್ನು ಅವರೇ ಬರೆದಿದ್ದಾರೆ. ಈಗ ಮೂರು ವರ್ಷದಿಂದ ಪಕ್ಕದ ಜಿಲ್ಲೆಯ ರೈತ ಉತ್ಪಾದಕರ ಕಂಪನಿಯೊಂದರಲ್ಲಿದ್ದಾರೆ. ಲೆಕ್ಕಿಗರಾಗಿ ಸೇರಿ, ಅಲ್ಲಿನ ಸಿಇಒ ಬಿಟ್ಟುಹೋದ ಮೇಲೆ ಒಂಬತ್ತು ತಿಂಗಳಿಂದ ಪ್ರಭಾರ ನಿಭಾಯಿಸುತ್ತಿದ್ದಾರೆ. ಕೇಳಿರುವ ಸಂಬಳ 32,000. ಒಂದು ತಿಂಗಳ ನೋಟಿಸ್ ಕೊಟ್ಟು ಬರಬೇಕು, ಅಂದರೆ ಬೇಗ ತೀರ್ಮಾನವಾದರೆ ಜನವರಿ 1ಕ್ಕೆ ಸೇರಬಹುದು.

ಅರ್ಜಿಯಲ್ಲಿ ಗಟ್ಟಿಯಾಗಿ ಕಾಣುವುದು ಖರೀದಿಯ ಕೆಲಸ. ಎರಡು ಹಂಗಾಮು ರಾಗಿ, ಒಂದು ಹಂಗಾಮು ಕಡಲೆ ಸದಸ್ಯರಿಂದ ಕೊಂಡು ಗಿರಣಿಯವರಿಗೆ ಮಾರಿದ್ದಾರೆ. ಹಣ ಏಳು ದಿನದೊಳಗೆ ರೈತರ ಖಾತೆಗೆ ಹಾಕಿದ್ದೇವೆ ಎಂದು ಬರೆದಿದ್ದಾರೆ. ನಾನು ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದಾಗ ಕೊನೆಗೆ ನಿಮ್ಮದೇನಾದರೂ ಪ್ರಶ್ನೆ ಇದೆಯಾ ಎಂದು ಕೇಳಿದೆ. "ಸರ್, ನಿಮ್ಮ ಗೋದಾಮಿನ ತೂಕದ ಯಂತ್ರಕ್ಕೆ ಕೊನೇ ಸಲ ಮುದ್ರೆ ಹಾಕಿಸಿದ್ದು ಯಾವಾಗ?" ಅಂದರು. ನನಗೆ ಗೊತ್ತಿರಲಿಲ್ಲ. ಕೆಳಗೆ ಹೋಗಿ ನೋಡಿದೆ. ಅವಧಿ ಮುಗಿದು ಎರಡು ತಿಂಗಳಾಗಿತ್ತು. ಮಾರನೇ ದಿನವೇ ಅರ್ಜಿ ಕೊಟ್ಟಿದ್ದೇನೆ. ಇದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಈ ಒಂದು ಪ್ರಶ್ನೆಗಾಗಿ ಯಾರೂ ಅಂಕ ಕೊಡಬೇಡಿ. ಶುಕ್ರವಾರ ನಿಮ್ಮ ಮುಂದೆ ಏನು ನಡೆಯುತ್ತದೋ ಅದಕ್ಕಷ್ಟೇ ಕೊಡಿ.

ಕೇಳಿ ತಿಳಿಯಬೇಕಾದ ವಿಷಯಗಳೂ ಇವೆ. ಕಳೆದ ವರ್ಷದ ವಹಿವಾಟು 1.8 ಕೋಟಿ ಎಂದು ಬರೆದಿದ್ದಾರೆ. ಅದರಲ್ಲಿ ಗೊಬ್ಬರ ಮಾರಿದ್ದು ಎಷ್ಟು, ರೈತರ ಬೆಳೆ ಕೊಂಡು ಮಾರಿದ್ದು ಎಷ್ಟು ಎಂಬುದನ್ನು ಬಿಡಿಸಿ ಕೇಳಬೇಕು. ಎರಡರ ಲಾಭವೂ ಬೇರೆ, ಅಪಾಯವೂ ಬೇರೆ. ಜಿಎಸ್‌ಟಿ ರಿಟರ್ನ್ ತಾವೇ ತುಂಬಿದ್ದಾರೋ ಆಡಿಟರ್ ಕಚೇರಿಯವರು ತುಂಬಿದ್ದೋ ಸ್ಪಷ್ಟವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊಬ್ಬರಿ ವ್ಯಾಪಾರ ಅವರಿಗೆ ಹೊಸದು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲಿದ್ದ ಕಾಯಿ ಸುಲಿದಾಗ ಒಳಗೆ ಉಂಡೆ ಕೊಬ್ಬರಿ ಎಷ್ಟು, ಕೌಟು ಎಷ್ಟು ಎಂಬ ಅಂದಾಜು ಪುಸ್ತಕದಿಂದ ಬರುವುದಿಲ್ಲ. ಅದನ್ನು ಕಲಿಯುವ ಮನಸ್ಸು ಇದೆಯಾ, ಯಾರಿಂದ ಕಲಿಯುತ್ತೇನೆ ಅನ್ನುತ್ತಾರೆ ಎಂಬುದನ್ನು ಕೇಳಿಸಿಕೊಳ್ಳಿ.

ಅವತ್ತಿನ ಕ್ರಮ ಹೀಗೆ. 10 ಗಂಟೆಗೆ ನಾವು ಸೇರಿ ಕಾಫಿ ಕುಡಿದು ಅರ್ಜಿ ಒಮ್ಮೆ ಓದಿಕೊಳ್ಳೋಣ. 10.30ಕ್ಕೆ ರೇಖಾ ಅವರಿಗೆ ಪ್ರಕಾಶ್ ಸರ್ ಸಿದ್ಧಪಡಿಸಿದ ಎರಡು ದಿನದ ಖರೀದಿ ಚೀಟಿ, ಬ್ಯಾಂಕ್ ಹಾಳೆ ಮತ್ತು ದಾಸ್ತಾನು ಪುಸ್ತಕ ಕೊಡುತ್ತೇವೆ. ಅದರಲ್ಲಿ ಮೂರು ಮೂಟೆ ರಾಗಿಯ ವ್ಯತ್ಯಾಸ ಇದೆ. ಅರ್ಧ ಗಂಟೆಯಲ್ಲಿ ಅದನ್ನು ಹಿಡಿಯುತ್ತಾರಾ, ಹಿಡಿದರೆ ಮೊದಲು ಯಾರನ್ನು ಏನು ಕೇಳುತ್ತೇನೆ ಅನ್ನುತ್ತಾರೆ ಎಂಬುದನ್ನು ನೋಡೋಣ. ಮೊದಲ ಅಭ್ಯರ್ಥಿಗೆ ಕೊಟ್ಟದ್ದೂ ಇದೇ ಹಾಳೆ, ಇಷ್ಟೇ ಸಮಯ. 11ರಿಂದ 12.30ರವರೆಗೆ ಪ್ರಶ್ನೋತ್ತರ.

ಯಾರು ಯಾವುದನ್ನು ಕೇಳಬೇಕು ಎಂಬುದನ್ನು ಹೋದ ಸಲದಂತೆಯೇ ಇಟ್ಟುಕೊಳ್ಳೋಣ. ಲೆಕ್ಕ, ತೆರಿಗೆ, ಕಂಪನಿ ಕಾಯ್ದೆಯ ಕಾಗದಪತ್ರ ಪ್ರಕಾಶ್ ಸರ್. ಬೆಳೆ, ಗುಣಮಟ್ಟ, ದಾಸ್ತಾನು ಸುಮಾ ಮೇಡಂ. ಮಾರುಕಟ್ಟೆ ರಂಗಸ್ವಾಮಣ್ಣ: ಉಂಡೆ ಕೊಬ್ಬರಿಗೆ ಈ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100, ಪೇಟೆ ಅದಕ್ಕಿಂತ ಎಷ್ಟೋ ಮೇಲಿದೆ, ಹೀಗಿರುವಾಗ ಸದಸ್ಯ ತನ್ನ ಕೊಬ್ಬರಿಯನ್ನು ನೇರವಾಗಿ ದಲ್ಲಾಳಿ ಅಂಗಡಿಗೆ ಒಯ್ಯದೆ ಕಂಪನಿಗೆ ಯಾಕೆ ತರಬೇಕು? ಈ ಪ್ರಶ್ನೆಗೆ ನಮ್ಮಲ್ಲೇ ಪೂರ್ತಿ ಉತ್ತರ ಇಲ್ಲ, ಆದ್ದರಿಂದಲೇ ಕೇಳಬೇಕು. ಸಿಬ್ಬಂದಿ, ಸದಸ್ಯರ ಜೊತೆಗಿನ ನಡವಳಿಕೆ ಗಿರಿಜಮ್ಮನವರು. ನಾನು ಸಮಯ ನೋಡಿಕೊಳ್ಳುತ್ತೇನೆ.

12.30ಕ್ಕೆ ಸದಸ್ಯರೊಬ್ಬರು ಒಳಗೆ ಬರುತ್ತಾರೆ. ಎರಡು ವರ್ಷದ ಹಿಂದೆ ಷೇರು ಕಟ್ಟಿದವರು, ಇಲ್ಲಿಯವರೆಗೆ ನಮ್ಮಿಂದ ಒಂದು ಮೂಟೆ ಗೊಬ್ಬರವನ್ನೂ ಕೊಂಡಿಲ್ಲ. "ನನ್ನ ದುಡ್ಡು ಏನಾಯ್ತು?" ಎಂದು ಅವರು ನಿಜವಾಗಿಯೇ ಕೇಳುತ್ತಾರೆ. ಹತ್ತು ಹದಿನೈದು ನಿಮಿಷ ನಾವು ಯಾರೂ ಬಾಯಿ ಹಾಕದೆ ಕೂತಿರಬೇಕು. ಹೋದ ವಾರ ನಾನೇ ಮಧ್ಯೆ ಮಾತಾಡಿಬಿಟ್ಟೆ, ಅದು ಆ ಅಭ್ಯರ್ಥಿಗೆ ಅನುಕೂಲವಾಯಿತು. ಈ ಸಲ ಹಾಗಾಗುವುದಿಲ್ಲ.

ಒಂದು ಮಾತು ಮನಸ್ಸಿಟ್ಟು ಓದಬೇಕು. ಮದುವೆ, ಮಕ್ಕಳು, ಯಜಮಾನರ ಕೆಲಸ, ಮನೆಯವರು ಒಪ್ಪಿದ್ದಾರಾ, ಜಾತಿ, ಇವು ಯಾವುದನ್ನೂ ಕೇಳಬಾರದು, ಕಾಫಿ ಹೊತ್ತಿನ ಲೋಕಾಭಿರಾಮದಲ್ಲೂ ಬೇಡ. ಕೆಲಸ ಬಿಟ್ಟಿದ್ದ ಹದಿನಾಲ್ಕು ತಿಂಗಳ ಕಾರಣವನ್ನೂ ಕೇಳಬೇಡಿ. ಹದಿನಾಲ್ಕು ಹಳ್ಳಿ ತಿರುಗಬೇಕು, ದ್ವಿಚಕ್ರ ವಾಹನ ಓಡಿಸುತ್ತೀರಾ, ಸಂಜೆ ಸಭೆಗೆ ಬರಲು ಆಗುತ್ತದಾ ಎಂದು ಕೇಳಬಹುದು. ಹೋದ ವಾರ ಬಂದ ಗಂಡಸಿಗೂ ಅದನ್ನೇ ಕೇಳಿದ್ದೇವೆ. ನನ್ನ ತಂಗಿ ಹಿಂದೊಮ್ಮೆ ಒಂದು ಸಂಸ್ಥೆಯ ಸಂದರ್ಶನದಿಂದ ಬಂದು, "ಅಣ್ಣ, ಕೆಲಸದ ಬಗ್ಗೆ ಎರಡು ಪ್ರಶ್ನೆ, ಮಗು ಬಗ್ಗೆ ಆರು ಪ್ರಶ್ನೆ" ಅಂದಿದ್ದಳು. ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು. ನಮ್ಮ ಕೋಣೆಯಿಂದ ಯಾರೂ ಹಾಗೆ ಹೊರಗೆ ಹೋಗಬಾರದು.

ಅವರು ಇನ್ನೂ ಬೇರೆ ಕಡೆ ಕೆಲಸದಲ್ಲಿದ್ದಾರೆ. ಈ ಪತ್ರ, ಅರ್ಜಿ ಯಾವುದನ್ನೂ ಮುಂದೆ ಕಳಿಸಬೇಡಿ, ನಿರ್ದೇಶಕರ ವಾಟ್ಸ್ಆ್ಯಪ್ ಗುಂಪಿಗೂ ಹಾಕಬೇಡಿ. ಅಲ್ಲಿ ನಿಮಗೆ ಪರಿಚಯದವರಿದ್ದರೂ ಫೋನ್ ಮಾಡಿ ವಿಚಾರಿಸುವುದು ಬೇಡ. ಆಯ್ಕೆಯಾದರೆ ಅವರ ಒಪ್ಪಿಗೆ ಪಡೆದು ನಾನೇ ವಿಚಾರಿಸುತ್ತೇನೆ.

ಈಗ ಅಭಿಪ್ರಾಯದ ಗಡುವು. ಅದೇ ನಮೂನೆ, ಐದು ವಿಷಯ, ಒಂದೊಂದಕ್ಕೆ ಐದು ಅಂಕ: ಲೆಕ್ಕ, ಮಾರುಕಟ್ಟೆ ತಿಳಿವಳಿಕೆ, ಬೆಳೆ ಮತ್ತು ದಾಸ್ತಾನು, ಸದಸ್ಯರ ಜೊತೆ ಮಾತು, ತಪ್ಪು ಕಂಡಾಗ ನಡೆದುಕೊಳ್ಳುವ ರೀತಿ. 1 ಗಂಟೆಗೆ ಅಭ್ಯರ್ಥಿಯನ್ನು ಬೀಳ್ಕೊಟ್ಟ ಮೇಲೆ ಅರ್ಧ ಗಂಟೆ ಯಾರೂ ಮಾತಾಡದೆ ಅಂಕ ಬರೆಯೋಣ, ಊಟ ಆಮೇಲೆ. ಪ್ರತಿ ಅಂಕದ ಪಕ್ಕ ಎರಡು ಸಾಲು ಕಾರಣ ಬೇಕು, ಅವರು ಆಡಿದ ಮಾತು ಅಥವಾ ಮಾಡಿದ ಕೆಲಸ ಸಮೇತ. "ಒಳ್ಳೆಯವರು", "ಚುರುಕಿದ್ದಾರೆ" ಎಂದಷ್ಟೇ ಬರೆದರೆ ಸೋಮವಾರ ಮಂಡಳಿ ಮುಂದೆ ನಾನು ಏನನ್ನೂ ವಿವರಿಸಲಾರೆ. ಕಾರಣ ತಿದ್ದಿ ಬರೆಯಲು ಮನೆಗೆ ಒಯ್ಯಬಹುದು, ಆದರೆ ತುಂಬಿದ ನಮೂನೆಯ ಫೋಟೊ ನವೆಂಬರ್ 22, ಶನಿವಾರ ಸಂಜೆ 6ರೊಳಗೆ ನನ್ನ ಒಬ್ಬನ ನಂಬರಿಗೆ ಬರಬೇಕು. ಗಿರಿಜಮ್ಮನವರೇ, ಬರೆಯುವುದಕ್ಕಿಂತ ಹೇಳುವುದು ಸುಲಭ ಅನ್ನಿಸಿದರೆ ಧ್ವನಿ ಸಂದೇಶ ಕಳಿಸಿ, ನಾನು ಹಾಗೇ ಬರೆದುಕೊಂಡು ನಿಮಗೆ ಓದಿ ಹೇಳುತ್ತೇನೆ.

ಅಂಕ ಕಳಿಸುವವರೆಗೆ ಒಬ್ಬರಿಗೊಬ್ಬರು ಫೋನ್ ಮಾಡಿ ಏನನ್ನಿಸಿತು ಎಂದು ಕೇಳಿಕೊಳ್ಳುವುದು ಬೇಡ. ಹಿಂದಿನ ನೇಮಕದಲ್ಲಿ ಅಂಕ ಬರೆಯುವ ಮೊದಲೇ ಊಟಕ್ಕೆ ಕೂತೆವು. ಮೊದಲ ತುತ್ತಿಗೆ ಒಬ್ಬರು "ಇವರೇ ಸರಿ" ಅಂದರು, ಆಮೇಲೆ ಐದು ನಮೂನೆಯೂ ಒಂದೇ ಕೈ ಬರೆದ ಹಾಗಿತ್ತು. ಆ ನೇಮಕ ಏಳು ತಿಂಗಳೂ ನಿಲ್ಲಲಿಲ್ಲ. ಅದಕ್ಕೂ ಮುಂಚೆ ಇನ್ನೊಮ್ಮೆ ಹದಿನೆಂಟು ದಿನ ಅಭಿಪ್ರಾಯ ತಡಮಾಡಿ, ಎಲ್ಲರೂ ಮೆಚ್ಚಿದ ಹುಡುಗ ಬೇರೆ ಕಡೆ ಸೇರಿಕೊಂಡ. ಎರಡರಲ್ಲೂ ನಾನೂ ಇದ್ದೆ.

ಭಾನುವಾರ 23ರ ಬೆಳಿಗ್ಗೆ 10ಕ್ಕೆ ಫೋನಿನಲ್ಲಿ ಐದೂ ಜನ ಸೇರಿ ಅರ್ಧ ಗಂಟೆ ಮಾತಾಡೋಣ. ಅಂಕದಲ್ಲಿ ಎರಡಕ್ಕಿಂತ ಹೆಚ್ಚು ವ್ಯತ್ಯಾಸ ಇರುವ ವಿಷಯಗಳನ್ನಷ್ಟೇ ಚರ್ಚಿಸೋಣ. ಇಬ್ಬರು ಅಭ್ಯರ್ಥಿಗಳನ್ನು ಹೋಲಿಸುವುದು ಆಗಲೇ, ಅದಕ್ಕೆ ಮುಂಚೆ ಅಲ್ಲ. 24ರ ಸೋಮವಾರ ಮಂಡಳಿ ಸಭೆ. ಇಬ್ಬರಿಗೂ 25ರ ಮಂಗಳವಾರ ಹೌದೋ ಅಲ್ಲವೋ ತಿಳಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಅರ್ಜಿಯ ಪ್ರತಿ ಮತ್ತು ಖಾಲಿ ನಮೂನೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಸುಮಾ ಮೇಡಂ, ತುಮಕೂರಿನಿಂದ ಬರುವ ನಿಮಗೆ ರೈಲು ನಿಲ್ದಾಣಕ್ಕೆ ನಮ್ಮ ಹುಡುಗ ಬೈಕ್ ತರುತ್ತಾನೆ. ಬೇಡವೆಂದರೆ ಆಟೊ ಹೇಳುತ್ತೇನೆ, ಹಿಂದಿನ ದಿನ ತಿಳಿಸಿ. ಊಟ ಗಿರಿಜಮ್ಮನವರ ಸಂಘದವರದ್ದು, ರಾಗಿ ಮುದ್ದೆ, ಅವರೇಕಾಳು ಸಾರು.

ಭಾನುವಾರ ಸಂಜೆಯೊಳಗೆ ನಿಮ್ಮ ಉತ್ತರ ಕಾಯುತ್ತಿರುತ್ತೇನೆ.

ಇಂತಿ,
ಬಸವರಾಜು
ನಿರ್ದೇಶಕ ಮತ್ತು ನೇಮಕಾತಿ ಉಪಸಮಿತಿಯ ಸಂಚಾಲಕ