ಗ್ರಂಥಾಲಯದ ಹೊಸ ತಂತ್ರಾಂಶ ಏಕೆ ಸೋತಿತು? ಆರಂಭಕ್ಕೆ ಮುನ್ನವೇ ನಡೆಸುವ ತಂಡದ ಸಭೆ

ನಾವು ಆರು ಜನ, ಸಮಯ ಒಂದು ಗಂಟೆ. ಎಲ್ಲರ ಬಳಿ ಪೆನ್ನು, ಖಾಲಿ ಹಾಳೆ ಇರಲಿ. ತಂತ್ರಾಂಶ ಇನ್ನೂ ಶುರುವಾಗಿಲ್ಲ, ಆದರೂ ಅದು ಸೋತಿದೆ ಎಂದು ಕಲ್ಪಿಸಿಕೊಳ್ಳೋಣ. ಮೊದಲು ಆ ಕಲ್ಪನೆಯನ್ನು ನಿಧಾನವಾಗಿ ಓದುತ್ತೇನೆ, ಕೇಳಿ.

"ಆರು ತಿಂಗಳು ಕಳೆದಿವೆ. ನಮ್ಮ ಯೋಜನೆ ನೆಲಕಚ್ಚಿದೆ. ಹೊಸ ತಂತ್ರಾಂಶ ಶುರುವಾದ ಸೋಮವಾರ ಕೌಂಟರ್ ಮುಂದಿನ ಸಾಲು ಬಾಗಿಲು ದಾಟಿತು. ಪುಸ್ತಕ ಹಿಂತಿರುಗಿಸಿದ್ದವರ ಹೆಸರಿನಲ್ಲೂ ದಂಡ ಬಾಕಿ ಎಂದು ಪರದೆ ತೋರಿಸಿತು. ಮೂರನೆಯ ದಿನ ಸಿಬ್ಬಂದಿ ಹಳೆಯ ರಿಜಿಸ್ಟರ್ ತೆರೆದರು. ಎರಡೂ ಕಡೆಯ ಲೆಕ್ಕ ತಾಳೆಯಾಗಲೇ ಇಲ್ಲ. ನಿನ್ನೆ ಆಡಳಿತ ಮಂಡಳಿ ಯೋಜನೆಯನ್ನು ಕೈಬಿಟ್ಟಿತು."

ಈಗ ಹತ್ತು ನಿಮಿಷ ಯಾರೂ ಮಾತನಾಡುವುದು ಬೇಡ. ಏಕೆ ಹೀಗಾಯಿತು ಎಂದು ಬರೆಯಿರಿ, ನಡೆದುಹೋದದ್ದನ್ನು ವರದಿ ಮಾಡುವಂತೆ ಬರೆಯಿರಿ. "ದತ್ತಾಂಶದಲ್ಲಿ ತೊಂದರೆ" ಎಂದರೆ ಸಾಲದು. "ಒಂದೇ ಹೆಸರಿನ ಇಬ್ಬರು ಸದಸ್ಯರ ದಾಖಲೆಗಳು ಬೆರೆತುಹೋದವು, ಒಬ್ಬರ ಪುಸ್ತಕ ಇನ್ನೊಬ್ಬರ ಖಾತೆಗೆ ಬಿತ್ತು" ಎಂದು ಬರೆದರೆ ನಾಳೆಯೇ ಹೋಗಿ ಪರಿಶೀಲಿಸಬಹುದು. ನಮ್ಮ ನಡವಳಿಕೆಯ ಕಾರಣಗಳೂ ಬರಲಿ: ಯಾರು ಯಾರಿಗೆ ಹೇಳಲಿಲ್ಲ, ಯಾವ ಕೆಲಸ ಎಲ್ಲರದ್ದೂ ಆಗಿ ಕೊನೆಗೆ ಯಾರದ್ದೂ ಆಗಲಿಲ್ಲ.

ಮನೋವಿಜ್ಞಾನಿ ಗ್ಯಾರಿ ಕ್ಲೈನ್ ಈ ವಿಧಾನವನ್ನು 2007ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ವಿವರಿಸಿದ್ದರು. ಯೋಜನೆಯ ಬಗ್ಗೆ ಅನುಮಾನವಿದ್ದವರು ಅಪಸ್ವರ ಎನಿಸಿಕೊಳ್ಳುವ ಭಯದಿಂದ ಸುಮ್ಮನಿರುತ್ತಾರೆ. ಸೋಲು ಆಗಿಹೋಗಿದೆ ಎಂದು ಮೊದಲೇ ಒಪ್ಪಿಕೊಂಡರೆ ಆ ಭಯಕ್ಕೆ ಜಾಗವಿರುವುದಿಲ್ಲ. ನನಗೆ ಬೇಕಿರುವುದು ಅದೇ.

ಬರೆದ ಮೇಲೆ ಒಬ್ಬೊಬ್ಬರು ಒಂದೊಂದೇ ಕಾರಣ ಓದಬೇಕು, ಎಲ್ಲರ ಪಟ್ಟಿ ಮುಗಿಯುವವರೆಗೆ ಸುತ್ತು ನಡೆಯಲಿ. ಕೌಂಟರಿನಲ್ಲಿ ಕುಳಿತುಕೊಳ್ಳುವವರು ಮೊದಲು, ನಾನು ಕೊನೆಗೆ. ಮಧ್ಯೆ ಯಾರೂ "ಅದು ಆಗುವುದಿಲ್ಲ" ಎನ್ನಕೂಡದು. ತಂತ್ರಾಂಶ ಆಯ್ಕೆ ಮಾಡಿದವರು ಸಮರ್ಥನೆಗೂ ಇಳಿಯಬಾರದು. ಎಲ್ಲವೂ ಹೇಳಿದ ಮಾತುಗಳಲ್ಲೇ ಬೋರ್ಡಿನ ಮೇಲೆ ಬರಲಿ.

ನಂತರ ಪ್ರತಿಯೊಬ್ಬರೂ ಎರಡು ಕಾರಣಗಳಿಗೆ ಗುರುತು ಹಾಕಿ. ಯಾವುದು ಹೆಚ್ಚು ಸಂಭವನೀಯ ಎಂಬುದರ ಜೊತೆಗೆ ಯಾವುದು ನಮಗೆ ತಡವಾಗಿ ತಿಳಿಯುತ್ತದೆ ಎಂಬುದನ್ನೂ ನೋಡಿ. ಸರ್ವರ್ ನಿಂತರೆ ಆ ಕ್ಷಣವೇ ಗೊತ್ತಾಗುತ್ತದೆ. ಬಾರ್‌ಕೋಡ್ ಇಲ್ಲದ ಹಳೆಯ ಪುಸ್ತಕಗಳು ಪಟ್ಟಿಯಿಂದಲೇ ಬಿಟ್ಟುಹೋದರೆ ಓದುಗರೊಬ್ಬರು ಕೇಳುವ ತನಕ ಯಾರಿಗೂ ತಿಳಿಯುವುದಿಲ್ಲ.

ಹೆಚ್ಚು ಗುರುತು ಬಿದ್ದ ಮೂರಕ್ಕೆ ಮಾತ್ರ ಇಂದು ಕೆಲಸ ಹಂಚೋಣ: ಹೊಣೆ ಹೊರುವ ಒಬ್ಬರ ಹೆಸರು, ಅಪಾಯ ಹತ್ತಿರ ಬಂದಿದೆ ಎನ್ನುವ ಮೊದಲ ಸೂಚನೆ, ಶುಕ್ರವಾರದೊಳಗೆ ಮಾಡುವ ಒಂದು ಕೆಲಸ. ಉಳಿದವುಗಳ ಫೋಟೊ ತೆಗೆದಿಟ್ಟು ಎರಡು ವಾರಕ್ಕೊಮ್ಮೆ ನೋಡೋಣ.

ಕೊನೆಗೆ ಒಂದು ತೀರ್ಮಾನ ಉಳಿಯುತ್ತದೆ. ಆ ಸೋಮವಾರ ಕೆಲಸ ಕೆಟ್ಟರೆ ಹಳೆಯ ವ್ಯವಸ್ಥೆಗೆ ಮರಳಲು ಹೇಳುವವರು ಯಾರು, ಎಷ್ಟು ಗಂಟೆಯೊಳಗೆ? ನನ್ನ ಸಲಹೆ: ಬೆಳಿಗ್ಗೆ 11ರೊಳಗೆ, ಕೌಂಟರ್ ಮೇಲ್ವಿಚಾರಕರೇ ಹೇಳಲಿ, ನನ್ನ ಅನುಮತಿಗೆ ಕಾಯುವುದು ಬೇಡ. ಆಕ್ಷೇಪವಿದ್ದರೆ ಈಗಲೇ ಹೇಳಿ.