ಎಡಗಣ್ಣಿನ ಡಿಸ್ಕ್ ಡೌಟ್ ಬರ್ತಿದೆ, ಸ್ವಲ್ಪ ಬೇಗ ನೋಡಿ ಮೇಡಂ

ನಮಸ್ತೆ ಮೇಡಂ,

ಈ ಪೇಷಂಟ್‌ಗೆ 56 ವರ್ಷ, ಅರಸೀಕೆರೆ ಕಡೆ ತೆಂಗಿನಕಾಯಿ ವ್ಯಾಪಾರ, ಓದೋ ಕನ್ನಡಕಕ್ಕೆ ಅಂತ ಬಂದಿದ್ರು. ದೂರದ ದೃಷ್ಟಿ ಎರಡೂ ಕಣ್ಣು 6/6, ಕಂಪ್ಲೇಂಟ್ ಏನೂ ಇಲ್ಲ, ಫಂಡಸ್ ಫೋಟೋ ತೆಗೆದಾಗಲೇ ಗೊತ್ತಾಗಿದ್ದು. ಫೋಟೋ ಜೊತೆಗಿಟ್ಟಿದೀನಿ.

ಬಲಗಣ್ಣು ಕಪ್-ಡಿಸ್ಕ್ ರೇಶಿಯೋ 0.5, ರಿಮ್ ಪರವಾಗಿಲ್ಲ. ಎಡಗಣ್ಣು 0.8 ಹತ್ರ ಇದೆ, ಕೆಳಗಡೆ ಟೆಂಪೊರಲ್ ರಿಮ್ ತೆಳುವಾಗಿ ನಾಚ್ ಥರ ಕಾಣುತ್ತೆ, ಅಲ್ಲೇ 5 ಗಂಟೆ ಜಾಗದಲ್ಲಿ ಡಿಸ್ಕ್ ಅಂಚಿಗೆ ಗೀರು ಎಳೆದಂಗೆ ಸಣ್ಣ ಹೆಮರೇಜ್, ಅದರ ಪಕ್ಕದಿಂದ ನರ್ವ್ ಫೈಬರ್ ಲೇಯರ್‌ನಲ್ಲಿ ಕಪ್ಪು ಪಟ್ಟಿ ಹೊರಟಿದೆ. ಮೊದ್ಲು ಫೋಕಸ್ ಸರಿ ಇಲ್ವೇನೋ ಅಂತ ಇನ್ನೊಂದ್ ಸಲ ತೆಗೆದೆ, ಅದೇ ಬಂತು. ರಿಮ್ ಬಿಳಿಚಿಕೊಂಡಿಲ್ಲ, ಊತನೂ ಇಲ್ಲ, ಹಂಗಾಗಿ ನನಗೆ ಗ್ಲಾಕೋಮಾ ಅನ್ಸುತ್ತೆ.

ಪ್ರೆಶರ್ ಬೆಳಗ್ಗೆ 11ಕ್ಕೆ ಎನ್‌ಸಿಟಿಯಲ್ಲಿ ಬಲ 19, ಎಡ 23. ಎಡಗಡೆ ಆರ್‌ಎಪಿಡಿ ಲೈಟಾಗಿ ಇದೆ. ವ್ಯಾನ್ ಹೆರಿಕ್ ಗ್ರೇಡ್ 3, ಗೋನಿಯೋ ಮಾಡಿಲ್ಲ. ಫೀಲ್ಡ್, ಓಸಿಟಿ, ಪ್ಯಾಕಿಮೆಟ್ರಿ ನಮ್ಮಲ್ಲಿ ಇಲ್ಲ, ಅಪ್ಲನೇಶನ್ ಕೂಡ ನೀವೇ ನೋಡ್ಬೇಕು.

ತಾಯಿಗೆ ವಯಸ್ಸಾದ್ಮೇಲೆ ಕಣ್ಣು ಪೂರ್ತಿ ಹೋಗಿತ್ತಂತೆ, ಯಾಕೆ ಅಂತ ಮನೇಲಿ ಯಾರಿಗೂ ಗೊತ್ತಿಲ್ಲ. ಇವರಿಗೆ ಆಸ್ತಮಾ ಇದೆ, ಇನ್‌ಹೇಲರ್ ತಗೋತಾರೆ, ಟಿಮೊಲಾಲ್ ಬರೆಯೋ ಮುಂಚೆ ಇದು ಗಮನದಲ್ಲಿರಲಿ. ನಾನು ಡ್ರಾಪ್ಸ್ ಏನೂ ಶುರು ಮಾಡಿಲ್ಲ.

"ಚೆನ್ನಾಗೇ ಕಾಣ್ತಿದೆಯಲ್ಲ, ಹಬ್ಬ ಆದ್ಮೇಲೆ ಹೋಗ್ತೀನಿ" ಅಂತಿದ್ರು, ಮಗನ್ನ ಕೂರಿಸಿಕೊಂಡು ಫೋಟೋ ತೋರಿಸಿ ಹೇಳಿದೀನಿ. ಈ ವಾರದಲ್ಲೇ ಒಂದು ಟೈಮ್ ಕೊಡಿ ಮೇಡಂ, ನೋಡಿದ್ಮೇಲೆ ಒಂದ್ ಮೆಸೇಜ್ ಹಾಕಿ, ಕನ್ನಡಕ ಅಲ್ಲೀವರೆಗೂ ತಡೆದಿಟ್ಟಿರ್ತೀನಿ.

ಇಂತಿ,
ಆಪ್ಟೋಮೆಟ್ರಿಸ್ಟ್, ತಿಪಟೂರು