ಬಡಾವಣೆಯಲ್ಲಿ 150 ಗಿಡ: ಎರಡು ವರ್ಷದ ಖರ್ಚಿನ ಅಂದಾಜು

(ತುಮಕೂರಿನ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಸಭೆಗೆ, ಏಪ್ರಿಲ್ 2026)

ಗಿಡ ನೆಡುವ ಜಾಗ ಮೂರು. ದನ ಓಡಾಡುವ 80 ಅಡಿ ರಸ್ತೆಯ ಬದಿಯಲ್ಲಿ 60, ಒಳಗಿನ ಕ್ರಾಸ್‌ಗಳಲ್ಲಿ 50, ಬೇಲಿಯಿರುವ ಪಾರ್ಕಿನಲ್ಲಿ 40. ಕೆಳಗಿನ ದರಗಳು ಅಂಗಡಿ, ನರ್ಸರಿ, ಟ್ಯಾಂಕರ್‌ನವರು ಈ ತಿಂಗಳು ಬಾಯಲ್ಲಿ ಹೇಳಿದವು. ಲಿಖಿತ ಕೊಟೇಶನ್ ಬಂದಾಗ ಸ್ವಲ್ಪ ಹೆಚ್ಚುಕಡಿಮೆ ಆದೀತು.

| ಬಾಬ್ತು | ರೂ. |
|---|---|
| ಸಸಿ (125 ದೊಡ್ಡವು × 120, 45 ಚಿಕ್ಕವು × 25) | 16,125 |
| ಗುಂಡಿ | 16,400 |
| ಗೊಬ್ಬರ, ಕೆಮ್ಮಣ್ಣು, ಬೇವಿನ ಹಿಂಡಿ | 12,200 |
| ಟ್ರೀ ಗಾರ್ಡ್, ಊರುಗೋಲು | 96,700 |
| ಸಾಗಣೆ | 12,300 |
| ನೆಡುವ ದಿನದ ಕೂಲಿ, ತಿಂಡಿ | 7,200 |
| ನೀರು, ಎರಡು ಬೇಸಿಗೆ | 64,800 |
| ಕಳೆ, ಪಾತಿ ರಿಪೇರಿ (ವರ್ಷಕ್ಕೆ 4 ಸಲ) | 9,600 |
| ಅನಿರೀಕ್ಷಿತ | 18,675 |
| ಒಟ್ಟು | 2,54,000 |

ಒಂದು ಗಿಡಕ್ಕೆ ಸುಮಾರು 1,700 ರೂಪಾಯಿ ಬೀಳುತ್ತದೆ. ಇದರಲ್ಲಿ ಸಸಿಯ ಪಾಲು ನೂರಕ್ಕೆ ಆರು ಮಾತ್ರ. "ಸಸಿ ನಾನು ಕೊಡಿಸುತ್ತೇನೆ" ಎನ್ನುವ ದಾನಿಗಳು ಎಲ್ಲ ಕಡೆ ಸಿಗುತ್ತಾರೆ. ಮಾರ್ಚ್ ತಿಂಗಳ ಟ್ಯಾಂಕರ್‌ಗೆ ದುಡ್ಡು ಕೊಡುವವರು ಸಿಗುವುದಿಲ್ಲ. ಅದಕ್ಕೇ ಮೊದಲ ಬೇಸಿಗೆಯ ನೀರಿನ ಹಣ ಪೂರ್ತಿ ಕೈಗೆ ಬರುವ ತನಕ ಸಸಿಗೆ ಮುಂಗಡ ಕೊಡಬಾರದು ಎಂಬುದು ನಮ್ಮ ಮೊದಲ ಷರತ್ತು.

ಸಸಿ

ರಸ್ತೆಗೆ 14×20 ಇಂಚು ಚೀಲದ, 5ರಿಂದ 6 ಅಡಿ ಎತ್ತರದ ಸಸಿಯೇ ಬೇಕು. ಚಿಕ್ಕದು ನೆಟ್ಟರೆ ತುದಿ ಮೇಕೆಯ ಬಾಯಿಗೆ ಎಟುಕುತ್ತದೆ. ಪಾರ್ಕಿಗೆ ಅರಣ್ಯ ಇಲಾಖೆ ನರ್ಸರಿಯ 8×12 ಚೀಲದ್ದು ಸಾಕು. ತಲಾ 25 ಎಂದು ಹಿಡಿದಿದ್ದೇವೆ, ಕಡಿಮೆಗೆ ಸಿಕ್ಕರೆ ಉಳಿದದ್ದು ನೀರಿಗೆ ಹೋಗಲಿ. ನೆಡುವುದು 150, ತರುವುದು 170. ಉಳಿದ 20 ಸಸಿ ಪಾರ್ಕಿನ ನೆರಳಲ್ಲಿ ಇಟ್ಟಿಗೆಯ ಮೇಲಿರಲಿ. ನೆಲದ ಮೇಲಿಟ್ಟರೆ ಬೇರು ಚೀಲ ಸೀಳಿಕೊಂಡು ಇಳಿಯುತ್ತದೆ, ಕೀಳುವಾಗ ಹರಿಯುತ್ತದೆ.

ತಂತಿ ಇಲ್ಲದ ಬದಿಗೆ ಹೊಂಗೆ, ಬೇವು, ಹೊಳೆಮತ್ತಿ. ಕರೆಂಟ್ ತಂತಿಯ ಕೆಳಗೆ ಕಕ್ಕೆ, ಬಸವನಪಾದ, ಹೊಳೆದಾಸವಾಳ. ತಂತಿಯಡಿ ಹೊಂಗೆ ನೆಟ್ಟರೆ ಕೆಲವು ವರ್ಷದಲ್ಲಿ ಬೆಸ್ಕಾಂನವರು ಬಂದು ತಲೆ ಕತ್ತರಿಸುವುದು ಖಂಡಿತ, ಅವರನ್ನು ಬೈದು ಫಲವಿಲ್ಲ. ನೇರಳೆ ಪಾರ್ಕಿಗಷ್ಟೇ, ಕಾರು ನಿಲ್ಲಿಸುವ ಕಡೆ ಹಣ್ಣುದುರಿ ಜಗಳವಾಗುತ್ತದೆ.

ಗುಂಡಿ

ಅಳತೆ 2×2×2 ಅಡಿ. 80 ಅಡಿ ರಸ್ತೆ ಮತ್ತು ಪಾರ್ಕಿನ 100 ಗುಂಡಿಗೆ ಜೆಸಿಬಿ, 7 ಗಂಟೆ × 1,200 = 8,400. ಕ್ರಾಸ್‌ಗಳಲ್ಲಿ ನೀರಿನ ಪೈಪು ಮೇಲೇ ಇದೆ, ಅಲ್ಲಿ ಜೆಸಿಬಿ ಬೇಡ. ಗರಸು ಮಣ್ಣಿನಲ್ಲಿ ಒಬ್ಬ ಆಳು ದಿನಕ್ಕೆ ಐದು ಗುಂಡಿ ತೆಗೆದರೆ ಹೆಚ್ಚು, ಹಾಗಾಗಿ 50ಕ್ಕೆ 10 ಆಳು × 800 = 8,000. ಗುರುತು ಹಾಕುವ ಮುಂಚೆ ಪಾಲಿಕೆಯ ಒಪ್ಪಿಗೆ ಪತ್ರ ಕೈಯಲ್ಲಿರಬೇಕು. ವಾಲ್ವ್‌ಮನ್‌ನನ್ನು ಜೊತೆಗೆ ಕರೆದುಕೊಂಡು ಸುತ್ತಬೇಕು, ಒಡೆದ ಒಂದು ಪೈಪಿನ ರಿಪೇರಿ ಹತ್ತು ಸಸಿಯ ದುಡ್ಡು ತಿನ್ನುತ್ತದೆ.

ರೋಹಿಣಿ ಮಳೆಗೆ ಮೊದಲೇ ಗುಂಡಿ ತೆಗೆದು ಬಿಸಿಲಿಗೆ ಬಿಡುವುದು, ಮೃಗಶಿರದಲ್ಲಿ ತುಂಬುವುದು, ಆರಿದ್ರೆ ಹಿಡಿದ ಮೇಲೆ ನೆಡುವುದು. ಗುಂಡಿಗೆ 10 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ (ಒಂದು ಟ್ರ್ಯಾಕ್ಟರ್ ಲೋಡು, 5,500), ಗೆದ್ದಲಿಗೆ 200 ಗ್ರಾಂ ಬೇವಿನ ಹಿಂಡಿ (40 ಕೆಜಿ ಮೂಟೆ, 1,300). 80 ಅಡಿ ರಸ್ತೆಯ ಗುಂಡಿಗಳಲ್ಲಿ ಅರ್ಧಕ್ಕರ್ಧ ಜಲ್ಲಿ, ಒಡೆದ ಗಾರೆ. ಅದನ್ನೇ ಮತ್ತೆ ತುಂಬಿದರೆ ನೀರು ನಿಲ್ಲದೆ ಸೋರಿಹೋಗುತ್ತದೆ. ಅಲ್ಲಿಗೆ ಕೆಮ್ಮಣ್ಣು ಮೂರು ಲೋಡು × 1,800 = 5,400.

ಟ್ರೀ ಗಾರ್ಡ್

ದುಡ್ಡು ಹೆಚ್ಚು ಹೋಗುವುದು ಇಲ್ಲಿಗೆ, ಮೋಸ ಆಗುವುದೂ ಇಲ್ಲೇ. ಕಬ್ಬಿಣದ್ದು 60 × 1,250 = 75,000. ವೆಲ್ಡಿಂಗ್ ಅಂಗಡಿಗೆ ಬರೆದು ಕೊಡಬೇಕಾದ ಅಳತೆ: ಎತ್ತರ 6 ಅಡಿ (1 ಅಡಿ ನೆಲದೊಳಗೆ), ಅಗಲ 18 ಇಂಚು, 25×25×3 ಮಿ.ಮೀ. ಆಂಗಲ್ ಕಾಲು ಮೂರು, 20×3 ಮಿ.ಮೀ. ಪಟ್ಟಿಯ ಬಳೆ ನಾಲ್ಕು, ನಡುವೆ ಉದ್ದಪಟ್ಟಿ ಆರು, ರೆಡ್ ಆಕ್ಸೈಡ್ ಮೇಲೆ ಒಂದು ಕೋಟ್ ಬಣ್ಣ. ತೂಕ ಸುಮಾರು 13 ಕೆಜಿ ಬರುತ್ತದೆ. 12ಕ್ಕಿಂತ ಇಳಿದರೆ ತೆಳು ಪಟ್ಟಿ ಹಾಕಿದ್ದಾರೆಂದೇ ಅರ್ಥ, ಲೋಡಿನಲ್ಲಿ ಐದನ್ನು ತೂಗಿ ನೋಡಿಯೇ ಬಾಕಿ ಕೊಡುವುದು. ಗಾರ್ಡ್ ಎರಡು ಹೋಳಾಗಿ ಬೋಲ್ಟ್ ಹಾಕುವಂತಿರಬೇಕು. ಸುತ್ತ ವೆಲ್ಡ್ ಮಾಡಿದ್ದು ಗಿಡ ದಪ್ಪವಾದಾಗ ಬಿಚ್ಚಲು ಬಾರದೆ ಕಾಂಡದೊಳಗೆ ಹೂತುಹೋಗುತ್ತದೆ. ಬಿಚ್ಚಿದ್ದನ್ನು ಮುಂದಿನ ಗಿಡಕ್ಕೂ ಬಳಸಬಹುದು.

ಕ್ರಾಸ್‌ಗಳಿಗೆ ಬಿದಿರಿನ ಗಾರ್ಡ್ 50 × 320 = 16,000. ಎರಡು ಮಳೆಗಾಲ ತಡೆದರೆ ಸಾಕು. 150 ಸರ್ವೆ ಕೋಲಿಗೆ 5,250, ಸೆಣಬಿನ ಹುರಿಗೆ 450. ಹುರಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಬೈಂಡಿಂಗ್ ವೈರ್ ಬೇಡವೇ ಬೇಡ, ತೊಗಟೆ ಕೊಯ್ಯುತ್ತದೆ. ದಾನಿಗಳ ಹೆಸರಿನ ಫಲಕ ಗಾರ್ಡಿಗೆ, ಗಿಡಕ್ಕೆ ಮೊಳೆ ಹೊಡೆಯುವಂತಿಲ್ಲ.

ಸಾಗಣೆ

ನೀರು ಕುಡಿದ ದೊಡ್ಡ ಚೀಲ ಒಂದೊಂದೂ 22 ಕೆಜಿ ತೂಗುತ್ತದೆ. 125 ಚೀಲ ಅಂದರೆ ಎರಡೂ ಮುಕ್ಕಾಲು ಟನ್, ಟಾಟಾ ಏಸ್‌ಗೆ ಆಗದ ಮಾತು. 407 ಗಾಡಿ ಎರಡು ಟ್ರಿಪ್ × 3,500 = 7,000. ಗಾರ್ಡಿನ ಹೋಳುಗಳನ್ನು ಒಂದರೊಳಗೊಂದು ಜೋಡಿಸಿದರೆ ಒಂದೇ ಟ್ರಿಪ್, 2,500. ಚಿಕ್ಕ ಸಸಿಗೆ ಗೂಡ್ಸ್ ಆಟೊ 800, ಹತ್ತಿಸಿ ಇಳಿಸಲು 2,000. ಸಸಿಯನ್ನು ನಿಲ್ಲಿಸಿಯೇ ತರಬೇಕು, ಮೇಲೆ ನೆರಳು ಬಲೆ ಕಟ್ಟಿ, ಸಂಜೆ ಹೊತ್ತು. ಕಾಂಡ ಹಿಡಿದು ಎತ್ತಿದರೆ ಚೀಲದೊಳಗಿನ ಮಣ್ಣುಂಡೆ ಒಡೆಯುತ್ತದೆ. ಅಂಥ ಸಸಿ ಹದಿನೈದು ದಿನ ಹಸಿರಾಗಿದ್ದು ಆಮೇಲೆ ಒಣಗುತ್ತದೆ, ಆಗ ಎಲ್ಲರೂ ನರ್ಸರಿಯನ್ನು ದೂರುತ್ತಾರೆ.

ನೀರು

ಪಾರ್ಕಿಗೆ ಬೋರ್‌ವೆಲ್ ಮತ್ತು ಸಂಘದ ಮಾಲಿ ಇದ್ದಾರೆ, ಹೊಸ ಪೈಪಿಗೆ 2,400 ಮಾತ್ರ. ರಸ್ತೆಯ 110 ಗಿಡಕ್ಕೆ 4,000 ಲೀಟರ್ ಟ್ಯಾಂಕರ್: ತಲಾ 30 ಲೀಟರಿನಂತೆ 3,300, ಉಳಿದದ್ದು ಚೆಲ್ಲುವ ಲೆಕ್ಕ. ದಿನಾ ಒಂದು ಬಿಂದಿಗೆ ಹಾಕಿದರೆ ಬೇರು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ಹಾಗಾಗಿ ಅಪರೂಪಕ್ಕೆ ಆದರೂ ತುಂಬ ಹಾಕುವುದು ಒಳ್ಳೆಯದು. ಮಳೆ ಕೈಕೊಟ್ಟರೆ 5 ಸುತ್ತು, ನವೆಂಬರಿನಿಂದ ಜನವರಿ ತನಕ ಹತ್ತು ದಿನಕ್ಕೊಮ್ಮೆ 9, ಫೆಬ್ರವರಿಯಿಂದ ಮೇ ತನಕ ಐದು ದಿನಕ್ಕೊಮ್ಮೆ 24. ಒಟ್ಟು 38 ಸುತ್ತು. ಟ್ಯಾಂಕರ್ 800, ಪೈಪು ಹಿಡಿಯುವವರ ಅರ್ಧ ದಿನದ ಕೂಲಿ 400, ಒಟ್ಟು 45,600. ಎರಡನೇ ವರ್ಷ ಹದಿನೈದು ದಿನಕ್ಕೊಮ್ಮೆ 14 ಸುತ್ತು, 16,800.

ಮೂರು ಅಡಿ ಅಗಲದ ಪಾತಿ, ಅದರೊಳಗೆ ತೆಂಗಿನ ಸಿಪ್ಪೆ ಬೋರಲು ಹಾಕಿ ಮುಚ್ಚಿದರೆ ತೇವ ಉಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಸಿಪ್ಪೆಗೆ ಬಜೆಟ್ ಬೇಕಿಲ್ಲ.

ಹಣ ಎಲ್ಲಿಂದ

210 ಮನೆ × 600 = 1,26,000. ಗಾರ್ಡ್ ದಾನಿಗಳು 60 × 1,500 = 90,000. ಸಂಘದ ನಿಧಿಯಿಂದ 38,000. ಶಾಮಿಯಾನ, ಹಾರ, ಫ್ಲೆಕ್ಸ್‌ಗೆ ಸೊನ್ನೆ. ಅತಿಥಿ ಬಂದರೆ ಅವರ ಕೈಗೂ ಹಾರೆಯೇ.

ಮೇ 15ರ ಹೊತ್ತಿಗೆ ಗಾರ್ಡ್ ದಾನಿಗಳು ನಲವತ್ತೇ ಆದರೆ 80 ಅಡಿ ರಸ್ತೆಯಲ್ಲಿ ನಲವತ್ತೇ ಗಿಡ. ಆಗ 30,000 ವರಮಾನ ಕಡಿಮೆಯಾದರೂ ಗಾರ್ಡು, ಸಸಿ, ಕೋಲು, ಗುಂಡಿ ಸೇರಿ ಹೆಚ್ಚುಕಡಿಮೆ ಅಷ್ಟೇ ಖರ್ಚೂ ಇಳಿಯುತ್ತದೆ. ಕ್ರಾಸ್‌ಗಳಲ್ಲಿ ಕಡಿತ ಮಾಡಿದರೆ ಅಷ್ಟು ಉಳಿಯುವುದಿಲ್ಲ. ಟ್ಯಾಂಕರ್ ಎಂಬತ್ತು ಗಿಡಕ್ಕೆ ಬಂದರೂ ಬಾಡಿಗೆ 800ವೇ.

ಮೊದಲ ವರ್ಷದ ನೀರಿನ 45,600 ಬೇರೆ ಖಾತೆಯಲ್ಲಿರಲಿ, ಹಣ ತೆಗೆಯಲು ಖಜಾಂಚಿಯ ಜೊತೆ ಇನ್ನಿಬ್ಬರು ಸದಸ್ಯರ ಸಹಿ ಬೇಕು. ಗಾರ್ಡಿಗೆ ಮುಂಗಡ ನೂರಕ್ಕೆ 40, ಬಾಕಿ ತೂಕದ ನಂತರ. ಟ್ಯಾಂಕರ್‌ಗೆ ಸುತ್ತು ಮುಗಿದ ದಿನವೇ ಹಣ, ಆಯಾ ಕ್ರಾಸಿನ ಒಬ್ಬರು ಚೀಟಿಗೆ ಸಹಿ ಹಾಕಿದ ಮೇಲೆ.